ಚಿತ್ರದಲ್ಲಿ ಕುಂಬಾರನ ಕೈ ಸರಿ ಕಾಣದಿದ್ದಾಗ: ದೋಷ ಹುಡುಕುವ ಬಗೆ

ಮಕ್ಕಳ ಓದುಪುಸ್ತಕಗಳಿಗೆ ಚಿತ್ರ ಬರೆಸುವುದು ನನ್ನ ಕೆಲಸ. ಚಿತ್ರ ಬರೆಯುವವರು ಕಲಾವಿದರು. ನಾನು ಬರೆಯುವುದು ಚಿತ್ರದ ವಿವರಣೆ. ಪುಟದಲ್ಲಿ ಯಾರಿರಬೇಕು, ಹೇಗೆ ಕೂತಿರಬೇಕು, ಕೈಯಲ್ಲಿ ಏನಿರಬೇಕು ಅಂತ ಕೆಲವು ಸಾಲು ಬರೆದು ಕಳಿಸುತ್ತೇನೆ. ಮರ, ಮನೆ, ಹಸು, ಸಂತೆ ಎಲ್ಲ ಸರಿಯಾಗಿ ಬರುತ್ತವೆ. ಕೆಲಸ ಮಾಡುವ ಕೈ ಬಂತು ಅಂದರೆ ಮಾತ್ರ ಚಿತ್ರ ಎಡವುತ್ತದೆ. ಅದರಲ್ಲೂ ಕುಂಬಾರರು ಮತ್ತು ನೇಕಾರರ ಚಿತ್ರಗಳು ನನಗೆ ಎಷ್ಟು ಸಲ ವಾಪಸ್ ಬಂದಿವೆಯೋ ಲೆಕ್ಕವಿಲ್ಲ.

ಮೊದಮೊದಲು ನಾನು ತಪ್ಪನ್ನು ಬೆರಳುಗಳಲ್ಲಿ ಹುಡುಕುತ್ತಿದ್ದೆ. ಬೆರಳು ಉದ್ದವಾಯಿತು, ಹೆಬ್ಬೆರಳು ಸಣ್ಣದಾಯಿತು ಅಂತ ಬರೆದು ಕಳಿಸುತ್ತಿದ್ದೆ. ಕಲಾವಿದರು ತಿದ್ದುತ್ತಿದ್ದರು. ಆದರೂ ಕೈ ಸರಿ ಕಾಣುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಹತ್ತರಲ್ಲಿ ಎಂಟು ಸಲ ಬೆರಳು ಚೆನ್ನಾಗಿಯೇ ಇರುತ್ತದೆ. ಆ ಕೈಗೆ ಬಲ ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ ಅನ್ನುವುದು ಮಾತ್ರ ಚಿತ್ರದಲ್ಲಿ ಇರುವುದಿಲ್ಲ. ಚಿತ್ರದಲ್ಲಿ ಯಾಕಿಲ್ಲ ಅಂದರೆ ನನ್ನ ವಿವರಣೆಯಲ್ಲೇ ಇರಲಿಲ್ಲ.

ಒಂದು ಪುಟದ ಕತೆ ಹೇಳುತ್ತೇನೆ. ದೋಷ ಹುಡುಕುವ ಕ್ರಮ ಅದರಲ್ಲೇ ಇದೆ.

ಮೊದಲ ಚಿತ್ರ

ನಾನು ಬರೆದು ಕಳಿಸಿದ್ದು ಒಂದೇ ಸಾಲು: "ಕುಂಬಾರಣ್ಣ ತಿಗರಿಯ ಮುಂದೆ ಕೂತು ಮಡಕೆ ಮಾಡುತ್ತಿದ್ದಾನೆ." ಬಂದ ಚಿತ್ರ ನೋಡಲು ಚಂದವಿತ್ತು. ಕುಂಬಾರ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮುಂದೆ ತಿಗರಿ, ಅದರ ಮೇಲೆ ಗುಂಡು ತಳದ ತುಂಬು ಗಡಿಗೆ. ಎರಡು ಅಂಗೈಗಳೂ ಗಡಿಗೆಯ ಎರಡು ಪಕ್ಕದಲ್ಲಿ ಮೃದುವಾಗಿ ಅಂಟಿಕೊಂಡಿದ್ದವು. ಮೊಣಕೈ ಎರಡೂ ಗಾಳಿಯಲ್ಲಿ ರೆಕ್ಕೆಯ ಹಾಗೆ. ಮುಖ ನಮ್ಮ ಕಡೆ ತಿರುಗಿ ನಗುತ್ತಿತ್ತು. ಚಕ್ರದ ಅಂಚಿನ ಗುಳಿಯಲ್ಲಿ ಕೋಲು ಇನ್ನೂ ಸಿಕ್ಕಿಕೊಂಡೇ ಇತ್ತು.

ಏನೋ ಸರಿಯಿಲ್ಲ ಅನ್ನಿಸಿತು, ಏನು ಅಂತ ಹೇಳಲು ಬರಲಿಲ್ಲ. ಅಮ್ಮನ ಊರಿನಲ್ಲಿ ತಿಗರಿ ತಿರುಗಿಸಿ ಬದುಕಿದ ಒಬ್ಬ ಅಜ್ಜ ಇದ್ದಾರೆ. ಚಿತ್ರ ತೆಗೆದುಕೊಂಡು ಹೋಗಿ ತೋರಿಸಿದೆ. ಅವರು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಕೂಸಿನ ಕೆನ್ನೆ ಹಿಡಿದ ಹಾಗೆ ಹಿಡಿದಿದಾನಲ್ಲಮ್ಮಾ. ಹಿಂಗೆ ಹಿಡಿದ್ರೆ ಮಣ್ಣು ಮಾತು ಕೇಳಲ್ಲ."

"ಹಂಗಾದ್ರೆ ಹೆಂಗೆ ಹಿಡೀಬೇಕು ಅಜ್ಜ?"

"ಅದು ಯಾವಾಗ ಅಂತ ಕೇಳು ಮೊದ್ಲು. ತಿರುಗಿಸುವಾಗ್ಲಾ, ಎತ್ತುವಾಗ್ಲಾ, ತಟ್ಟುವಾಗ್ಲಾ?"

ನನ್ನ ದೋಷಪಟ್ಟಿಯ ಮೊದಲ ಪ್ರಶ್ನೆ ಅವತ್ತಿನಿಂದ ಅದೇ.

ಮೊದಲ ಪರೀಕ್ಷೆ: ಇದು ಯಾವ ಗಳಿಗೆ?

"ಮಡಕೆ ಮಾಡುವುದು" ಒಂದು ಕೆಲಸ ಅಲ್ಲ. ನೆಲದ ಮೇಲಿನ ಕೋಲುತಿಗರಿಯಲ್ಲಿ ಅದು ಕನಿಷ್ಠ ನಾಲ್ಕು ಕೆಲಸ. ನಾಲ್ಕಕ್ಕೂ ಮೈ ಬೇರೆ, ಕೈ ಬೇರೆ.

ಮೊದಲನೆಯದು ತಿರುಗಿಸುವುದು. ತಿಗರಿ ಅಗಲವಾದ ಭಾರದ ಚಕ್ರ. ಅದರ ಮೇಲ್ಮೈಯಲ್ಲಿ ಅಂಚಿನ ಹತ್ತಿರ ಒಂದು ಗುಳಿ ಇರುತ್ತದೆ. ಕುಂಬಾರ ಎದ್ದು ಬಾಗಿ, ಕೋಲಿನ ತುದಿಯನ್ನು ಆ ಗುಳಿಯಲ್ಲಿಟ್ಟು, ಎರಡೂ ಕೈಯಲ್ಲಿ ಕೋಲು ಹಿಡಿದು ಸುತ್ತಿಸುತ್ತಾನೆ. ಆಗ ಬಲ ಭುಜದಿಂದ, ಬೆನ್ನಿನಿಂದ ಬರುತ್ತದೆ. ಚಕ್ರಕ್ಕೆ ವೇಗ ಬಂತು ಅಂದ ಕೂಡಲೇ ಕೋಲು ತೆಗೆದು ಪಕ್ಕಕ್ಕೆ ಇಡುತ್ತಾನೆ. ಚಕ್ರ ತನ್ನ ಭಾರಕ್ಕೇ ಕೆಲವು ನಿಮಿಷ ತಿರುಗುತ್ತದೆ. ಆ ಸಮಯದಲ್ಲೇ ಕೈ ಕೆಲಸ ಮುಗಿಯಬೇಕು. ವೇಗ ಇಳಿದರೆ ಮತ್ತೆ ಕೋಲು.

ಎರಡನೆಯದು ಮಣ್ಣನ್ನು ನಡುವಿಗೆ ತಂದು ಬಾಯಿ ತೆರೆಯುವುದು. ಮೂರನೆಯದು ಗೋಡೆ ಎತ್ತಿ ಆಕಾರ ಕೊಟ್ಟು ದಾರದಿಂದ ಕತ್ತರಿಸಿ ಇಳಿಸುವುದು. ನಾಲ್ಕನೆಯದು ತಟ್ಟುವುದು. ಅದು ಅದೇ ಗಳಿಗೆಯಲ್ಲಿ ಆಗುವುದಿಲ್ಲ. ಮಣ್ಣು ಸ್ವಲ್ಪ ಆರಿ ಹದಕ್ಕೆ ಬಂದ ಮೇಲೆ, ತಿಗರಿಯಿಂದ ದೂರ ಕೂತು ಮಾಡುವ ಕೆಲಸ.

ಈಗ ನನ್ನ ಮೊದಲ ಚಿತ್ರ ನೋಡಿ. ಕೋಲು ಗುಳಿಯಲ್ಲಿತ್ತು, ಅಂದರೆ ತಿರುಗಿಸುವ ಗಳಿಗೆ. ಕೈ ಮಣ್ಣಿನ ಮೇಲಿತ್ತು, ಅಂದರೆ ಎತ್ತುವ ಗಳಿಗೆ. ಗಡಿಗೆಯ ತಳ ಗುಂಡಗಿತ್ತು, ಅಂದರೆ ತಟ್ಟಿ ಮುಗಿದ ಮೇಲಿನ ಗಳಿಗೆ. ಒಂದೇ ಚಿತ್ರದಲ್ಲಿ ಮೂರು ಗಳಿಗೆ. ಅಂಥ ಕಡೆ ಕೈ ಎಷ್ಟು ಚೆನ್ನಾಗಿ ಬರೆದರೂ ನಂಬಿಕೆ ಬರುವುದಿಲ್ಲ.

ಈ ಗುಂಡು ತಳದ ದೋಷ ತುಂಬಾ ಸಾಮಾನ್ಯ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ತಿರುಗುವ ಚಕ್ರದ ಮೇಲೆ ಮಣ್ಣು ಅಂಟಿಕೊಂಡು ಕೂತಿರಬೇಕು. ಗುಂಡು ತಳ ಇದ್ದರೆ ಅದು ಕೂರುವುದಾದರೂ ಎಲ್ಲಿ? ಹಾಗಾಗಿ ತಿಗರಿಯ ಮೇಲಿರುವ ಪಾತ್ರೆಯ ಬುಡ ಯಾವಾಗಲೂ ಕೆಳಗಿನ ಮಣ್ಣಿನ ಮುದ್ದೆಯೊಂದಿಗೆ ಸೇರಿಕೊಂಡಿರುತ್ತದೆ. ನೀರಿನ ಗಡಿಗೆಯ ಗುಂಡು ತಳ ಆಮೇಲೆ ತಟ್ಟಿ ತಟ್ಟಿ ಬರುವಂಥದ್ದು. ವಿವರಣೆಯಲ್ಲಿ "ತಿಗರಿಯ ಮೇಲೆ ಗಡಿಗೆ" ಅಂತ ಬರೆದರೆ ಕಲಾವಿದರು ಅಡುಗೆಮನೆಯಲ್ಲಿ ಕಂಡ ಗಡಿಗೆಯನ್ನೇ ಬರೆಯುತ್ತಾರೆ. "ತಿಗರಿಯ ನಡುವೆ ಒದ್ದೆ ಮಣ್ಣಿನ ಗುಡ್ಡೆ, ಅದರ ಮೇಲುಭಾಗದಿಂದ ಒಂದು ಗೇಣಿನಷ್ಟು ಗೋಡೆ ಎದ್ದಿದೆ, ಬುಡ ಇನ್ನೂ ಗುಡ್ಡೆಗೆ ಸೇರಿದೆ" ಅಂತ ಬರೆದರೆ ಈ ತಪ್ಪು ಬರುವುದೇ ಇಲ್ಲ.

ಗಳಿಗೆ ಒಂದೇ ಇದೆಯಾ ಅಂತ ತಿಳಿಯಲು ಸುಲಭ ದಾರಿ ಇದೆ. ಚಿತ್ರದಲ್ಲಿರುವ ಒಂದೊಂದು ವಸ್ತುವನ್ನೂ ತೋರಿಸಿ "ಇದನ್ನು ಕೊನೆಯದಾಗಿ ಮುಟ್ಟಿದ್ದು ಯಾವಾಗ?" ಅಂತ ಕೇಳಿ. ಕೋಲು ಅರ್ಧ ನಿಮಿಷದ ಹಿಂದೆ, ಈಗ ಬಲಪಕ್ಕದಲ್ಲಿ ನೆಲದ ಮೇಲಿದೆ. ನೀರಿನ ಬಟ್ಟಲು ಈಗಷ್ಟೇ, ಅದಕ್ಕೇ ಅಂಚಿನಲ್ಲಿ ಕೆಸರು ನೀರು ಇಳಿದಿದೆ. ದಾರ ಇನ್ನೂ ಮುಟ್ಟಿಲ್ಲ, ಬಟ್ಟಲಿನ ಪಕ್ಕ ಬಿದ್ದಿದೆ. ಹೀಗೆ ಉತ್ತರ ಬಂದರೆ ಗಳಿಗೆ ಒಂದೇ.

ಎರಡನೇ ಪರೀಕ್ಷೆ: ಮೊಣಕೈ ಎಲ್ಲಿ ಆತುಕೊಂಡಿದೆ?

ಗಳಿಗೆ ಸರಿಯಾದ ಮೇಲೂ ಕೈ ತೇಲುತ್ತಿರುವ ಹಾಗೆ ಕಂಡರೆ, ಕೈ ನೋಡಬೇಡಿ. ಮೊಣಕೈ ನೋಡಿ.

ತಿರುಗುವ ಮಣ್ಣು ಕೈಯನ್ನು ಸದಾ ತಳ್ಳುತ್ತಿರುತ್ತದೆ. ಮುದ್ದೆ ನಡುವಿನಲ್ಲಿ ಇಲ್ಲದಿದ್ದರೆ ಒಂದೊಂದು ಸುತ್ತಿಗೂ ಒಂದೊಂದು ಗುದ್ದು. ಕೈ ಅಲುಗಿದರೆ ಮಣ್ಣು ಗೆದ್ದಂತೆ. ಕೈ ಅಲುಗದ ಹಾಗೆ ನಿಲ್ಲಿಸಲು ಕುಂಬಾರ ಮೊಣಕೈಯನ್ನೋ ಮುಂಗೈಯನ್ನೋ ತನ್ನ ಮೈಗೆ ಆನಿಸಿಕೊಳ್ಳುತ್ತಾನೆ. ಬಲ ಬೆರಳಿನದ್ದಲ್ಲ, ಮೈಯದ್ದು. ಬೆರಳು ಆ ಬಲವನ್ನು ಮಣ್ಣಿಗೆ ಮುಟ್ಟಿಸುತ್ತದೆ ಅಷ್ಟೇ. ಮೊಣಕೈ ಗಾಳಿಯಲ್ಲಿ ಬಿಟ್ಟು ಬರೆದ ಚಿತ್ರದಲ್ಲಿ ಈ ದಾರಿ ಕಡಿದುಹೋಗಿರುತ್ತದೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ "ಇವನು ಸುಮ್ನೆ ಕೈ ಇಟ್ಟಿದ್ದಾನೆ" ಅನ್ನಿಸುತ್ತದೆ.

ಎಲ್ಲಿ ಆನಿಸುತ್ತಾರೆ ಅನ್ನುವುದು ಹೇಗೆ ಕೂತಿದ್ದಾರೆ ಅನ್ನುವುದರ ಮೇಲೆ. ನೆಲದ ತಿಗರಿಯ ಮುಂದೆ ಕುಂಬಾರ ಕುಕ್ಕರಗಾಲಲ್ಲಿ ಕೂರುತ್ತಾನೆ. ಮೊಣಕಾಲು ಎರಡೂ ಅಗಲವಾಗಿ, ಎದೆಯ ಮಟ್ಟಕ್ಕೆ ಎದ್ದಿರುತ್ತವೆ. ಕೈಗಳು ಆ ಮೊಣಕಾಲುಗಳ ನಡುವಿನಿಂದ ಮುಂದಕ್ಕೆ, ಕೆಳಕ್ಕೆ ಇಳಿಯುತ್ತವೆ. ಚಕ್ರ ಅಗಲ ಇರುವುದರಿಂದ ನಡುವಿನ ಮಣ್ಣು ದೂರ. ಅದಕ್ಕೇ ಬೆನ್ನು ಬಾಗಿ, ತಲೆ ಮಣ್ಣಿನ ಮೇಲಕ್ಕೆ ಬಂದಿರುತ್ತದೆ. ಮೇಲ್ದೋಳು ಮೊಣಕಾಲಿನ ಒಳಬದಿಗೆ ಒತ್ತಿಕೊಂಡಿರುತ್ತದೆ. ಚಕ್ಕಳಮಕ್ಕಳ ಹಾಕಿ ಕೂತರೆ ಈ ಆಸರೆ ಸಿಗುವುದಿಲ್ಲ, ಚಕ್ರದ ನಡುವಿನ ಮಣ್ಣೂ ಕೈಗೆ ಎಟುಕುವುದಿಲ್ಲ.

ವಿದ್ಯುತ್ತಿನ ಚಕ್ರದ ಮುಂದೆ ಸ್ಟೂಲಿನ ಮೇಲೆ ಕೂತವರದ್ದು ಬೇರೆ. ಅಲ್ಲಿ ಮಣ್ಣು ತೊಡೆಯ ಮಟ್ಟದಲ್ಲಿರುತ್ತದೆ. ಮೊಣಕೈ ತೊಡೆಯ ಮೇಲೋ ಸೊಂಟದ ಪಕ್ಕಕ್ಕೋ ಆತುಕೊಳ್ಳುತ್ತದೆ. ಮುಂಗೈ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಮಲಗಿರುತ್ತದೆ.

ನನಗೆ ಅತಿ ಜಾಸ್ತಿ ಸಲ ಸಿಕ್ಕಿದ ದೋಷ ಈ ಎರಡರ ಬೆರಕೆ. ಕಲಾವಿದರು ಮೈಯನ್ನು ಹಳ್ಳಿಯ ಕುಂಬಾರರ ಫೋಟೋದಿಂದ ತೆಗೆದುಕೊಳ್ಳುತ್ತಾರೆ. ಕೈ ಮಾತ್ರ ಸ್ಪಷ್ಟವಾಗಿ ಕಾಣುವ ಇನ್ನೊಂದು ಫೋಟೋದಿಂದ. ಆ ಇನ್ನೊಂದು ಫೋಟೋ ಹೆಚ್ಚಾಗಿ ಸ್ಟುಡಿಯೋದಲ್ಲಿ, ವಿದ್ಯುತ್ ಚಕ್ರದ ಮುಂದೆ ತೆಗೆದದ್ದು. ಎರಡೂ ಬೇರೆ ಬೇರೆಯಾಗಿ ಸರಿ. ಸೇರಿಸಿದಾಗ ಮಣಿಕಟ್ಟು ಮುರಿದ ಹಾಗೆ ಕಾಣುತ್ತದೆ. ತೋಳು ಮೇಲಿಂದ ಇಳಿಜಾರಾಗಿ ಬರುತ್ತಿದೆ, ಅಂಗೈ ಮಾತ್ರ ಮೇಜಿನ ಮೇಲಿಟ್ಟ ಹಾಗೆ ಮಲಗಿದೆ. ಮಣಿಕಟ್ಟಿನಲ್ಲಿ ಚೂಪಾದ ಮಡಿಕೆ ಕಂಡರೆ ಮೊದಲು ಈ ಬೆರಕೆಯನ್ನೇ ಅನುಮಾನಿಸಿ. ಬೆರಳು ತಿದ್ದಿಸಿ ಪ್ರಯೋಜನವಿಲ್ಲ. ಕೂತ ಎತ್ತರ ಒಂದೇ ಇರುವ ಫೋಟೋ ಕೊಡಬೇಕು, ಇಲ್ಲವೇ ತೋಳಿನ ಇಳಿಜಾರನ್ನು ಮಾತಿನಲ್ಲಿ ಹೇಳಬೇಕು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ನೆಲದ ಮೇಲೆ ಒಂದು ದೊಡ್ಡ ತಟ್ಟೆ, ಅದರ ನಡುವೆ ಒಂದು ಚೊಂಬು ಇಟ್ಟು ಕುಕ್ಕರಗಾಲಲ್ಲಿ ಕೂರಿ. ಚೊಂಬನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, ಯಾರಿಗಾದರೂ ಅದನ್ನು ತಿರುವಲು ಹೇಳಿ. ನಿಮ್ಮ ತೋಳು ತಾನಾಗಿಯೇ ಮೊಣಕಾಲು ಹುಡುಕಿಕೊಂಡು ಹೋಗುತ್ತದೆ. ನಾನು ಇದನ್ನು ಮಾಡಿ ಮಗಳ ಕೈಯಲ್ಲಿ ಫೋಟೋ ತೆಗೆಸಿ ಕಲಾವಿದರಿಗೆ ಕಳಿಸಿದ್ದೇನೆ. ಅದು ನನ್ನ ಹತ್ತು ಸಾಲಿಗಿಂತ ಹೆಚ್ಚು ಕೆಲಸ ಮಾಡಿತು.

ಮೂರನೇ ಪರೀಕ್ಷೆ: ಎರಡು ಕೈ ಒಂದನ್ನೊಂದು ಮುಟ್ಟಿವೆಯಾ?

ಈಗ ಕೈಗೆ ಬರೋಣ. ಗೋಡೆ ಎತ್ತುವ ಗಳಿಗೆಯನ್ನೇ ತೆಗೆದುಕೊಳ್ಳುತ್ತೇನೆ. ಚಿತ್ರಕ್ಕೆ ಅದೇ ಚೆಂದ, ತಪ್ಪಾಗುವುದೂ ಅಲ್ಲೇ.

ಗೋಡೆ ಎತ್ತುವಾಗ ಒಂದು ಕೈ ಪಾತ್ರೆಯ ಒಳಗೆ, ಇನ್ನೊಂದು ಹೊರಗೆ. ಮಣ್ಣಿನ ಗೋಡೆ ಎರಡರ ನಡುವೆ ಸಿಕ್ಕಿಕೊಂಡು ತೆಳ್ಳಗಾಗುತ್ತಾ ಮೇಲೇಳುತ್ತದೆ. ಮೊದಲ ಚಿತ್ರದಲ್ಲಿ ಇದ್ದ ಹಾಗೆ ಎರಡು ಅಂಗೈಯೂ ಹೊರಗೆ, ಎದುರುಬದುರು ಇದ್ದರೆ ಗೋಡೆ ಏಳುವುದಿಲ್ಲ. ಬಾಯಿ ಮುಚ್ಚಿಕೊಳ್ಳುತ್ತದೆ ಅಷ್ಟೇ. ಕತ್ತು ಕಿರಿದು ಮಾಡುವಾಗ ಎರಡೂ ಕೈ ಹೊರಗೆ ಬರುವುದುಂಟು. ಆದರೆ ಆಗ ಕೈ ಇರುವುದು ಕತ್ತಿನ ಸುತ್ತ, ಬೆರಳುಗಳು ಉಂಗುರದ ಹಾಗೆ. ಹೊಟ್ಟೆಯ ಮೇಲೆ ಅಂಗೈ ಚಪ್ಪಟೆಯಾಗಿ ಇಡುವ ಗಳಿಗೆ ಯಾವುದೂ ಇಲ್ಲ.

ಒಳಗಿನ ಕೈಯ ಬೆರಳ ತುದಿಗಳು ಗೋಡೆಯನ್ನು ಹೊರಕ್ಕೆ ಒತ್ತುತ್ತವೆ. ಹೊರಗಿನ ಕೈಯ ತೋರುಬೆರಳನ್ನು ಮಡಿಸಿ, ಅದರ ಗೆಣ್ಣಿನ ಪಕ್ಕವನ್ನು ಗೋಡೆಗೆ ಒತ್ತುತ್ತಾರೆ. ಕೆಲವರು ಬೆರಳ ತುದಿಯನ್ನೇ ಇಡುತ್ತಾರೆ. ಹೊರಗಿನ ಒತ್ತು ಒಳಗಿನದ್ದಕ್ಕಿಂತ ಒಂದು ಕೂದಲೆಳೆ ಕೆಳಗಿರುತ್ತದೆ. ಅದು ಮಣ್ಣನ್ನು ಕೆಳಗಿನಿಂದ ಸಣ್ಣ ಉಬ್ಬಾಗಿ ಎತ್ತಿಕೊಂಡು ಬರುತ್ತದೆ. ಎರಡೂ ಕೈ ಒಟ್ಟಿಗೆ, ನಿಧಾನವಾಗಿ, ಬುಡದಿಂದ ಬಾಯಿಯವರೆಗೆ ಏರುತ್ತವೆ.

ಒಟ್ಟಿಗೆ ಅನ್ನುವುದೇ ಮುಖ್ಯ. ಒಂದು ಕೈ ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿದರೆ ಗೋಡೆ ಸೊಟ್ಟಗಾಗುತ್ತದೆ. ಅದಕ್ಕೆ ಕುಂಬಾರ ಎರಡು ಕೈಯನ್ನೂ ಜೋಡಿಸಿಕೊಳ್ಳುತ್ತಾನೆ. ಒಳಗಿನ ಕೈಯ ಹೆಬ್ಬೆರಳು ಗೋಡೆಯ ಅಂಚನ್ನು ದಾಟಿ ಹೊರಗೆ ಬಂದು, ಹೊರಗಿನ ಕೈಯ ಮೇಲೆ ಸೇತುವೆಯ ಹಾಗೆ ಕೂರುತ್ತದೆ. ಅಜ್ಜ ನನಗೆ ಖಾಲಿ ಕೈಯಲ್ಲೇ ಇದನ್ನು ತೋರಿಸಿದರು. ಎರಡು ಕೈಯನ್ನೂ ಮುಂದೆ ಚಾಚಿ, ಎಡ ಹೆಬ್ಬೆರಳನ್ನು ಬಲಗೈಯ ಗೆಣ್ಣಿನ ಮೇಲೆ ಇಟ್ಟರು. ನಡುವೆ ಒಂದು ದಪ್ಪ ರೊಟ್ಟಿಯಷ್ಟು ಸಂದಿ ಬಿಟ್ಟರು. ಮಣ್ಣಿಲ್ಲ, ತಿಗರಿಯಿಲ್ಲ, ಆದರೂ ಆ ಸಂದಿಯಲ್ಲಿ ನನಗೆ ಗೋಡೆ ಕಂಡಿತು.

ಅಲ್ಲಿಂದ ನಾನು ಒಂದು ಪರೀಕ್ಷೆ ಕಲಿತೆ. ಚಿತ್ರದಲ್ಲಿನ ಮಡಕೆಯನ್ನು ಕಾಗದದ ಚೂರಿನಿಂದ ಮುಚ್ಚಿ. ಕೈ ಮಾತ್ರ ಕಾಣಲಿ. ಆ ಕೈ ನಡುವೆ ಏನಿತ್ತು, ಎಷ್ಟು ದಪ್ಪ ಇತ್ತು ಅಂತ ಹೇಳಲು ಬರುತ್ತದಾ? ಬಂದರೆ ಹಿಡಿತ ಸರಿ. ಕೈ ಚೆಂಡು ಹಿಡಿದಂತೆಯೋ ಕೈಮುಗಿದಂತೆಯೋ ಕಂಡರೆ ಹಿಡಿತ ತಪ್ಪು, ವಿವರಣೆ ಮತ್ತೆ ಬರೆಯಬೇಕು.

ವಿವರಣೆಯಲ್ಲಿ "ಮಡಕೆ ಹಿಡಿದಿದ್ದಾನೆ" ಅನ್ನುವ ಮಾತನ್ನು ನಾನು ಈಗ ಬಳಸುವುದೇ ಇಲ್ಲ. ಹಿಡಿಯುವುದು ಅಂದ ಕೂಡಲೇ ಬೆರಳು ಸುತ್ತಿಕೊಳ್ಳುತ್ತವೆ. ತಿರುಗುವ ಮಣ್ಣನ್ನು ಯಾರೂ ಹಿಡಿಯುವುದಿಲ್ಲ, ಒತ್ತುತ್ತಾರೆ. ಮುಟ್ಟುವ ಜಾಗ ಒಂದು ಕಡಲೆಕಾಳಿನಷ್ಟೇ. ಉಳಿದ ಬೆರಳುಗಳು ಮಣ್ಣಿನಿಂದ ಸ್ವಲ್ಪ ದೂರ ಇರುತ್ತವೆ, ಇಲ್ಲವೇ ಒತ್ತುವ ಬೆರಳಿಗೆ ಹಿಂದಿನಿಂದ ಆಸರೆ ಕೊಡುತ್ತವೆ.

ಎಡವೋ ಬಲವೋ

ಯಾವ ಕೈ ಒಳಗೆ ಅನ್ನುವುದು ಚಕ್ರ ತಿರುಗುವ ದಿಕ್ಕಿನ ಮೇಲೆ. ಇದನ್ನು ನೆನಪಿಟ್ಟುಕೊಳ್ಳಲು ಒಂದೇ ನಿಯಮ ಸಾಕು: ಮಣ್ಣು ಮಣಿಕಟ್ಟಿನ ಕಡೆಯಿಂದ ಬೆರಳ ತುದಿಯ ಕಡೆಗೆ ಹರಿಯಬೇಕು. ಎದುರಿನಿಂದ ಬಂದು ಬೆರಳ ತುದಿಗೆ ಗುದ್ದಬಾರದು. ಗುದ್ದಿದರೆ ಬೆರಳು ಮಣ್ಣಿನಲ್ಲಿ ಹೂತು ಗೋಡೆ ಹರಿದುಹೋಗುತ್ತದೆ. ಬೆಕ್ಕಿನ ಮೈ ಸವರುವಾಗ ಕೂದಲಿನ ದಿಕ್ಕು ನೋಡುತ್ತೀವಲ್ಲ, ಹಾಗೆ.

ಮೇಲಿನಿಂದ ನೋಡಿದಾಗ ಚಕ್ರ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತಿದೆ ಅಂದುಕೊಳ್ಳಿ. ಆಗ ಕುಂಬಾರನ ಬಲಗಡೆಯಲ್ಲಿ ಮಣ್ಣು ಅವನಿಂದ ದೂರಕ್ಕೆ ಹರಿಯುತ್ತದೆ. ಹಾಗಾಗಿ ಅವನು ಪಾತ್ರೆಯ ಬಲಗೋಡೆಯ ಮೇಲೆ ಕೆಲಸ ಮಾಡುತ್ತಾನೆ. ಎಡಗೈ ಒಳಗೆ, ಬಲಗೈ ಹೊರಗೆ. ಚಕ್ರ ಗಡಿಯಾರದ ದಿಕ್ಕಿಗೇ ತಿರುಗಿದರೆ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲು. ಯುರೋಪ್, ಅಮೆರಿಕಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು, ಜಪಾನಿನಲ್ಲಿ ಎರಡನೆಯದು. ಫೋಟೋ ನೋಡಿ ಬರೆಯುವಾಗ ಅದು ಎಲ್ಲಿಯ ಫೋಟೋ ಅಂತ ಗಮನಿಸುವುದು ಇದಕ್ಕೇ.

ಚಿತ್ರ ನಿಂತ ಚಿತ್ರವಾದ್ದರಿಂದ ದಿಕ್ಕು ಕಾಣುವುದಿಲ್ಲ ಅಂದುಕೊಳ್ಳಬಹುದು. ಕಾಣುತ್ತದೆ. ಕಲಾವಿದರು ಚಕ್ರದ ಸುತ್ತ ಗಾಳಿಗೆರೆ ಹಾಕುತ್ತಾರೆ, ಅಂಚಿನಿಂದ ಸಿಡಿಯುವ ಕೆಸರಿನ ಹನಿ ಹಾಕುತ್ತಾರೆ. ಆ ಗೆರೆಗೂ ಕೈಗೂ ತಾಳೆಯಾಗದಿದ್ದರೆ ಗೆರೆ ಅಳಿಸಿದರೆ ಸಾಕು, ಕೈ ಮುಟ್ಟಬೇಕಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಮಾತು. ಪುಟ ಜೋಡಿಸುವವರು ಜಾಗಕ್ಕಾಗಿ ಚಿತ್ರವನ್ನು ಎಡಬಲ ತಿರುವಿ ಹಾಕುವುದುಂಟು. ಕುಂಬಾರನ ಚಿತ್ರ ಇದನ್ನು ತಡೆದುಕೊಳ್ಳುತ್ತದೆ, ಯಾಕೆಂದರೆ ಕೈಯ ಜೊತೆಗೆ ಚಕ್ರದ ದಿಕ್ಕೂ ತಿರುವಿಕೊಳ್ಳುತ್ತದೆ. ಆದರೆ ಅಂಗಿಯ ಗುಂಡಿ, ಪಕ್ಕದಲ್ಲಿ ನಿಂತ ಹೆಂಗಸಿನ ಸೆರಗು ಸಿಕ್ಕಿಬೀಳುತ್ತವೆ.

ತಟ್ಟುವ ಕೈ

ಗಡಿಗೆಯ ಗುಂಡು ತಳವೇ ಬೇಕು ಅಂತ ಲೇಖಕರು ಹಟ ಮಾಡಿದರೆ ತಟ್ಟುವ ಗಳಿಗೆ ಬರೆಸಿ. ಇಲ್ಲಿ ತಿಗರಿ ಬೇಡವೇ ಬೇಡ. ಆರಿದ ಗಡಿಗೆ ತೊಡೆಯ ಮೇಲೋ ನೆಲದ ಮೇಲಿನ ಬಟ್ಟೆಯ ಸಿಂಬಿಯ ಮೇಲೋ ಓರೆಯಾಗಿ ಕೂತಿರುತ್ತದೆ. ಒಂದು ಕೈ ಗಡಿಗೆಯ ಒಳಗೆ ಮಾಯವಾಗಿರುತ್ತದೆ. ಆ ಕೈಯಲ್ಲಿ ಅಂಗೈ ತುಂಬುವಂಥ ನುಣ್ಣನೆ ಕಲ್ಲು, ಇಲ್ಲವೇ ಸುಟ್ಟ ಮಣ್ಣಿನ ಗುಂಡು. ಇನ್ನೊಂದು ಕೈಯಲ್ಲಿ ಹಿಡಿಯಿರುವ ಮರದ ಹಲಗೆ. ಒಳಗೆ ಕಲ್ಲು ಎಲ್ಲಿದೆಯೋ ಹೊರಗೆ ಹಲಗೆ ಸರಿಯಾಗಿ ಅಲ್ಲೇ ಬೀಳಬೇಕು. ಬೇರೆ ಕಡೆ ಬಿದ್ದರೆ ಗಡಿಗೆ ಒಡೆಯುತ್ತದೆ ಅಥವಾ ತಗ್ಗು ಬೀಳುತ್ತದೆ.

ಚಿತ್ರದಲ್ಲಿ ಒಳಗಿನ ಕೈ ಕಾಣುವುದಿಲ್ಲ, ಆದರೂ ದೋಷ ಅಲ್ಲೇ ಇರುತ್ತದೆ. ಗಡಿಗೆಯ ಬಾಯಿಯಿಂದ ಒಳಗೆ ಹೋದ ತೋಳಿನ ಗೆರೆಯನ್ನು ಪೆನ್ಸಿಲಿನಲ್ಲಿ ಮುಂದುವರಿಸಿ ನೋಡಿ. ಅದು ಹಲಗೆಯ ಹಿಂಬದಿಗೆ ಹೋಗಿ ಮುಟ್ಟಬೇಕು. ತೋಳಿನ ಉದ್ದ ಸಾಲದಿದ್ದರೆ, ಅಥವಾ ಗೆರೆ ಇನ್ನೆಲ್ಲೋ ಹೋದರೆ, ಚಿತ್ರ ತಪ್ಪು. ಹಲಗೆ ಹಿಡಿದ ಕೈಯನ್ನು ತಲೆಯ ಮೇಲಕ್ಕೆ ಎತ್ತಿಸುವುದೂ ಸಾಮಾನ್ಯ ತಪ್ಪು. ಇದು ಸೌದೆ ಒಡೆಯುವ ಏಟಲ್ಲ. ಮೊಣಕೈ ಮೈಯ ಹತ್ತಿರವೇ ಇರುತ್ತದೆ, ಹಲಗೆ ಒಂದು ಗೇಣು ಮೇಲೆದ್ದು ಬೀಳುತ್ತದೆ, ಏಟುಗಳು ಒತ್ತೊತ್ತಾಗಿ ಬೀಳುತ್ತವೆ. ಮಣ್ಣು ಅಂಟದಿರಲೆಂದು ಪಕ್ಕದಲ್ಲಿ ಬೂದಿ ಇಟ್ಟುಕೊಂಡಿರುತ್ತಾರೆ. ಹಾಗಾಗಿ ಈ ಕೈ ಒದ್ದೆಯಾಗಿ ಹೊಳೆಯಬಾರದು, ಒಣಗಿ ಬೂದುಬಣ್ಣಕ್ಕೆ ತಿರುಗಿರಬೇಕು.

ನೇಕಾರರ ಕೈಗೂ ಇದೇ ಕ್ರಮ

ಅದೇ ಪುಸ್ತಕದಲ್ಲಿ ಇಳಕಲ್ ಸೀರೆಯ ಪಾಠವೂ ಇತ್ತು. ಗುಣಿಮಗ್ಗದ ಮುಂದೆ ನೇಕಾರಣ್ಣ. ಬಂದ ಚಿತ್ರದಲ್ಲಿ ಅವನು ನೆಲದ ಮೇಲೆ ಪದ್ಮಾಸನ ಹಾಕಿದ್ದ, ಕೈಯಲ್ಲಿ ಅಡ್ಡ ಎಳೆ ಒಯ್ಯುವ ಲಾಳಿ ಹಿಡಿದು ನಮಗೆ ತೋರಿಸುತ್ತಿದ್ದ. ತಲೆಯ ಮೇಲಿನಿಂದ ಹಗ್ಗವೂ ಇಳಿಬಿದ್ದಿತ್ತು.

ಗಳಿಗೆ ಕೇಳುವ ಮೊದಲು ಇಲ್ಲಿ ಇನ್ನೊಂದು ಕೇಳಬೇಕು: ಲಾಳಿ ಕೈಯಿಂದ ಎಸೆಯುವುದೋ, ಹಗ್ಗದಿಂದ ಓಡುವುದೋ? ಎರಡೂ ಬೇರೆ ಮಗ್ಗ. ಹಗ್ಗ ಎಳೆದು ಲಾಳಿ ಓಡಿಸುವ ಉಪಾಯವನ್ನು 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಕಂಡುಹಿಡಿದ. ಅದಕ್ಕೆ ಮುಂಚೆ ಒಬ್ಬ ನೇಕಾರನ ಬಟ್ಟೆಯ ಅಗಲ ಅವನ ಎರಡು ಕೈ ಎಟುಕುವಷ್ಟೇ ಇರುತ್ತಿತ್ತು. ಎಸೆಯುವ ಮಗ್ಗದಲ್ಲಿ ಒಂದು ಕೈ ಲಾಳಿಯನ್ನು ನೂಕುತ್ತದೆ, ಹೆಬ್ಬೆರಳು ಮೇಲೆ, ತೋರುಬೆರಳು ಹಿಂದಿನ ತುದಿಗೆ. ಇನ್ನೊಂದು ಕೈ ಆ ಕಡೆ ಅಂಚಿನಲ್ಲಿ ಅಂಗೈ ತೆರೆದು ಕಾಯುತ್ತದೆ. ಹಗ್ಗದ ಮಗ್ಗದಲ್ಲಿ ನೇಯುವಾಗ ಲಾಳಿ ಕೈಗೆ ಬರುವುದೇ ಇಲ್ಲ. ಒಂದು ಪೆಟ್ಟಿಗೆಯಿಂದ ಹೊರಟು ಇನ್ನೊಂದು ಪೆಟ್ಟಿಗೆಗೆ ಓಡುತ್ತದೆ. ಅದರೊಳಗಿನ ನೂಲು ಸುತ್ತಿದ ಕಂಡಿಕೆ ಬದಲಿಸುವಾಗ ಅಥವಾ ಎಳೆ ಕಡಿದಾಗ ಮಾತ್ರ ನೇಕಾರ ಅದನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಹಗ್ಗವೂ ಇದೆ, ಲಾಳಿಯೂ ಕೈಯಲ್ಲಿದೆ ಅಂದರೆ ಮಗ್ಗ ನಿಂತಿದೆ ಅಂತ ಅರ್ಥ.

ಹಗ್ಗದ ಮಗ್ಗದಲ್ಲಿ ಸಾಮಾನ್ಯವಾಗಿ ಬಲಗೈ ಹಗ್ಗದ ಹಿಡಿಯ ಮೇಲೆ, ಎಡಗೈ ಬಾಚಣಿಗೆಯಂಥ ಹಣಿಗೆ ಕೂರಿಸಿದ ಮರದ ಚೌಕಟ್ಟಿನ ಮೇಲೆ. ಎಡಗೈ ಚೌಕಟ್ಟನ್ನು ಆಚೆಗೆ ನೂಕಿದಾಗಲೇ ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳ ನಡುವೆ ಲಾಳಿಗೆ ದಾರಿ. ಆಗ ಬಲಗೈ ಮಣಿಕಟ್ಟಿನಿಂದ ಒಂದು ಜಗ್ಗು ಜಗ್ಗುತ್ತದೆ, ಲಾಳಿ ಓಡುತ್ತದೆ. ಆಮೇಲೆ ಎಡಗೈ ಚೌಕಟ್ಟನ್ನು ತನ್ನ ಕಡೆಗೆ ಎಳೆದು ಅಡ್ಡಕ್ಕೆ ಬಂದ ಹೊಕ್ಕಿನ ಎಳೆಯನ್ನು ಬಟ್ಟೆಗೆ ಬಡಿಯುತ್ತದೆ. ಲಾಳಿ ನಡುದಾರಿಯಲ್ಲಿ ಓಡುತ್ತಿರುವಾಗ ಚೌಕಟ್ಟು ಬಟ್ಟೆಗೆ ತಾಗಿಕೊಂಡಿರಲು ಸಾಧ್ಯವಿಲ್ಲ. ಹಾಗಾಗಿ ಎಡ ಮೊಣಕೈ ಚಾಚಿದ್ದರೆ ಲಾಳಿ ಓಡುತ್ತಿರಬಹುದು, ಮಡಚಿ ಪಕ್ಕೆಯ ಹತ್ತಿರ ಬಂದಿದ್ದರೆ ಲಾಳಿ ಪೆಟ್ಟಿಗೆಯಲ್ಲಿರಬೇಕು. ಇದೊಂದು ತಾಳೆ ನೋಡಿದರೆ ಅರ್ಧ ದೋಷ ಸಿಗುತ್ತದೆ.

ಉಳಿದರ್ಧ ಕಾಲಿನದ್ದು. ಗುಣಿಮಗ್ಗ ಅನ್ನುವ ಹೆಸರೇ ಗುಣಿಯಿಂದ ಬಂದದ್ದು. ನೇಕಾರ ಗುಣಿಯ ಅಂಚಿನಲ್ಲಿ ಕೂತು ಎರಡೂ ಕಾಲನ್ನು ಒಳಗೆ ಇಳಿಬಿಟ್ಟಿರುತ್ತಾನೆ. ಕೆಳಗಿನ ತುಳಿಗೋಲುಗಳನ್ನು ಕಾಲು ತುಳಿದರೇ ಹಾಸಿನ ಎಳೆಗಳು ಬಾಯಿ ತೆರೆಯುವುದು. ಪದ್ಮಾಸನ ಹಾಕಿದ ನೇಕಾರ ಏನು ಮಾಡಿದರೂ ಒಂದು ಎಳೆ ನೇಯಲಾರ. ಕಾಲು ಗುಣಿಯಲ್ಲಿ ಮರೆಯಾಗಿರುವುದರಿಂದ ಕಲಾವಿದರಿಗೆ ಅದು ಹೊಳೆಯುವುದಿಲ್ಲ, ವಿವರಣೆಯಲ್ಲೇ ಹೇಳಬೇಕು.

ತಿದ್ದಿ ಬರೆದ ವಿವರಣೆ

ಕುಂಬಾರನ ಪುಟಕ್ಕೆ ನಾನು ಎರಡನೇ ಸಲ ಕಳಿಸಿದ್ದು ಇದು:

"ಗೋಡೆ ಎತ್ತುವ ಗಳಿಗೆ. ನೆಲದ ಮೇಲೆ ಅಗಲವಾದ ತಿಗರಿ, ತಿರುಗುತ್ತಿದೆ. ಕುಂಬಾರ ಕುಕ್ಕರಗಾಲಲ್ಲಿ ಕೂತಿದ್ದಾನೆ, ಮೊಣಕಾಲು ಅಗಲ, ಬೆನ್ನು ಬಾಗಿದೆ, ಕಣ್ಣು ಮಣ್ಣಿನ ಮೇಲೆ. ಎರಡು ತೋಳೂ ಮೊಣಕಾಲಿನ ಒಳಬದಿಗೆ ಆತು ಇಳಿಜಾರಾಗಿ ಮುಂದಕ್ಕೆ ಹೋಗಿವೆ. ಎಡಗೈಯ ಬೆರಳುಗಳು ಪಾತ್ರೆಯ ಒಳಗೆ. ಬಲಗೈ ಹೊರಗೆ, ತೋರುಬೆರಳು ಮಡಚಿ ಅದರ ಗೆಣ್ಣು ಗೋಡೆಗೆ ಒತ್ತಿದೆ. ಎಡ ಹೆಬ್ಬೆರಳು ಅಂಚು ದಾಟಿ ಬಲಗೈಯ ಮೇಲೆ ಕೂತಿದೆ. ಗೋಡೆ ಒಂದು ಗೇಣು ಎತ್ತರ, ಬುಡ ಮಣ್ಣಿನ ಗುಡ್ಡೆಗೆ ಸೇರಿದೆ. ಕೋಲು ಬಲಕ್ಕೆ ನೆಲದ ಮೇಲೆ. ನೀರಿನ ಬಟ್ಟಲು ಕೈಗೆ ಎಟುಕುವಲ್ಲಿ. ಮಣಿಕಟ್ಟಿನವರೆಗೆ ಕೆಸರು, ಅದರ ಮೇಲೆ ಬರೀ ಸಿಡಿದ ಹನಿಗಳು. ಉಗುರು ಗಿಡ್ಡ, ಉಂಗುರವಿಲ್ಲ."

ಬಂದ ಚಿತ್ರದಲ್ಲಿ ಒಂದೇ ತಪ್ಪಿತ್ತು. ಕುಂಬಾರ ಎಡಗೈ ಒಳಗಿಟ್ಟು ಪಾತ್ರೆಯ ಎಡಗೋಡೆಯ ಮೇಲೆ ಕೆಲಸ ಮಾಡುತ್ತಿದ್ದ. ಬಲಗೈ ಪಾತ್ರೆಯನ್ನು ಬಳಸಿ ಆ ಕಡೆ ಹೋಗಬೇಕಾಗಿ ಬಂದು, ಮಣಿಕಟ್ಟು ತಿರುಚಿಕೊಂಡಿತ್ತು. ತಪ್ಪು ನನ್ನದೇ. ಯಾವ ಕೈ ಅಂತ ಬರೆದಿದ್ದೆ, ಯಾವ ಗೋಡೆ ಅಂತ ಬರೆದಿರಲಿಲ್ಲ. "ಕೆಲಸ ನಡೆಯುತ್ತಿರುವುದು ಕುಂಬಾರನ ಬಲಗಡೆಯ ಗೋಡೆಯಲ್ಲಿ" ಅಂತ ಒಂದು ಸಾಲು ಸೇರಿಸಿದೆ. ಕುಂಬಾರನ ಬಲವೋ ನೋಡುವವರ ಬಲವೋ ಅನ್ನುವ ಗೊಂದಲ ಬಾರದಿರಲಿ ಅಂತ "ಕುಂಬಾರನ" ಅನ್ನುವ ಮಾತಿಗೆ ಕೆಳಗೆರೆ ಹಾಕಿದೆ.

ಮೂರನೇ ಚಿತ್ರವನ್ನು ಅಜ್ಜನಿಗೆ ತೋರಿಸಿದೆ. ಈ ಸಲ ಅವರು ಕೈಯ ಬಗ್ಗೆ ಏನೂ ಹೇಳಲಿಲ್ಲ. "ಮಣ್ಣು ಸ್ವಲ್ಪ ಗಟ್ಟಿ ಕಲಸಿದಾನೆ, ಇನ್ನೊಂಚೂರು ನೀರು ಬೇಕಿತ್ತು" ಅಂದರು.